ಮಠದ ಕಡತ ನೋಡಲು ಒಂದು ಅರ್ಜಿ

ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರಿಗೆ 1916ರಲ್ಲಿ ಶೃಂಗೇರಿ ಮಠದಲ್ಲಿ ಸುಮಾರು ಮೂವತ್ತು ಪತ್ರಗಳು ಸಿಕ್ಕಿದವು. ಎಲ್ಲವೂ ಕನ್ನಡದಲ್ಲಿದ್ದವು. ಟಿಪ್ಪು ಸುಲ್ತಾನ ಮತ್ತು ಆಗಿನ ಶೃಂಗೇರಿ ಜಗದ್ಗುರುಗಳ ನಡುವಿನ ವ್ಯವಹಾರದ ಪತ್ರಗಳವು. 1791ರಲ್ಲಿ ಪರಶುರಾಮ ಭಾವು ಸೈನ್ಯದೊಂದಿಗೆ ಬಂದ ಲೂಟಿಕೋರರು ಶೃಂಗೇರಿಗೆ ನುಗ್ಗಿ ಮಠವನ್ನು ಸೂರೆ ಮಾಡಿದ್ದರು, ಶಾರದೆಯ ವಿಗ್ರಹವನ್ನೂ ಸ್ಥಾನಪಲ್ಲಟ ಮಾಡಿದ್ದರು. ಮರುಪ್ರತಿಷ್ಠೆಗೆ 200 ರಾಹತಿ ನಗದನ್ನೂ ಬೇಕಾದ ಸಾಮಗ್ರಿಯನ್ನೂ ಒದಗಿಸುವಂತೆ ಟಿಪ್ಪು ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ್ದು ಈ ಪತ್ರಗಳಿಂದಲೇ ಹೊರಜಗತ್ತಿಗೆ ತಿಳಿದದ್ದು. ಮೈಸೂರಿನ ಇತಿಹಾಸ ಬರೆಯುವ ಯಾರೂ ಇವತ್ತು ಈ ಕಟ್ಟನ್ನು ದಾಟಿ ಹೋಗುವಂತಿಲ್ಲ.

ನರಸಿಂಹಾಚಾರ್ಯರು ಸಂಸ್ಥಾನದ ಅಧಿಕಾರಿ. ಅವರ ಹಿಂದೆ ಒಂದು ಸರ್ಕಾರವಿತ್ತು, ಒಂದು ಇಲಾಖೆಯಿತ್ತು. ಸಾಲದ್ದಕ್ಕೆ ‘ಕರ್ಣಾಟಕ ಕವಿಚರಿತೆ’ಯ ಕರ್ತೃ ಎಂಬ ಗೌರವವೂ ಇತ್ತು. ಇವತ್ತು ಅಂಥದೇ ಒಂದು ಕಟ್ಟು ನೋಡಬೇಕೆನ್ನುವ ಸಂಶೋಧನಾ ವಿದ್ಯಾರ್ಥಿಯ ಹತ್ತಿರ ಇರುವುದು ಒಂದೋ ಎರಡೋ ಪುಟದ ಅರ್ಜಿ ಮಾತ್ರ. ಮಠದ ದಾಖಲೆಗಳು ಮಠದಲ್ಲೇ ಇರಲಿ, ಯಾವುದಾದರೂ ಪತ್ರಾಗಾರದ ಸುಪರ್ದಿಗೆ ಬಂದಿರಲಿ, ಅವುಗಳಲ್ಲಿ ಒಂದು ಭಾಗ ‘ಅನುಮತಿ ಇಲ್ಲದೆ ಕೊಡತಕ್ಕದ್ದಲ್ಲ’ ಎಂಬ ಕಟ್ಟಿಗೆ ಸೇರಿರುತ್ತದೆ. ಆ ಕಟ್ಟು ಬಿಚ್ಚಿಸುವ ಅರ್ಜಿಯಲ್ಲಿ ಏನಿರಬೇಕು, ಯಾಕಿರಬೇಕು ಎಂಬುದು ಈ ಲೇಖನದ ವಿಷಯ. ನಮ್ಮಲ್ಲಿ ಇದನ್ನು ಯಾರೂ ಕುಳಿತು ಹೇಳಿಕೊಡುವುದಿಲ್ಲ. ಮಾರ್ಗದರ್ಶಕರ ಶಿಫಾರಸು ಪತ್ರವೊಂದನ್ನು ಲಗತ್ತಿಸಿದರೆ ಆಯಿತು ಎಂದುಕೊಂಡಿರುತ್ತೇವೆ.

ಮೊದಲು ಆ ಕಟ್ಟಿನಲ್ಲಿ ಏನಿರುತ್ತದೆ ಎಂದು ನೋಡೋಣ. ಅರಸರು ಮತ್ತು ಗುರುಗಳು ಹೊರಡಿಸಿದ ನಿರೂಪಗಳು, ಭೂಮಿ ಬಿಟ್ಟ ಸನ್ನದುಗಳು, ಶಿಷ್ಯರು ಗುರುಗಳಿಗೆ ಬರೆದುಕೊಂಡ ಬಿನ್ನವತ್ತಳೆಗಳು, ಮಠದ ಅಧಿಕಾರಿಗಳ ನಡುವೆ ಓಡಾಡಿದ ರಾಯಸಗಳು ಇರುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಲೆಕ್ಕ ಇರುತ್ತದೆ. ಅನ್ನಸತ್ರಕ್ಕೆ ಬಂದ ಅಕ್ಕಿ, ದೀಪಕ್ಕೆ ಹೋದ ಎಣ್ಣೆ, ಯಾವ ಊರಿನ ಯಾವ ಒಕ್ಕಲು ಎಷ್ಟು ಖಂಡುಗ ಭತ್ತ ಅಳೆದ, ಎಷ್ಟು ಬಾಕಿ ಉಳಿಸಿಕೊಂಡ ಎಂಬ ಲೆಕ್ಕ. ಮಲೆನಾಡಿನ ಮಠಗಳಲ್ಲಿ ಈ ಲೆಕ್ಕದ ಬಹುಪಾಲು ಕಾಗದದ ಮೇಲಲ್ಲ, ಕಡತದ ಮೇಲಿದೆ.

ಈಗ ನಾವು ಕಚೇರಿಯ ಯಾವ ಫೈಲಿಗೂ ಕಡತ ಎನ್ನುತ್ತೇವೆ. ಹಳೆಯ ಕಡತ ಒಂದು ಬಟ್ಟೆ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಹಲಗೆ ಕೂರಿಸಿ ಅದನ್ನು ಸಿದ್ಧ ಮಾಡುತ್ತಿದ್ದರು. ಆ ಕಪ್ಪು ಮೈಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆ ಎಂಬುದು ಅವನ ಲೆಕ್ಕ. ಬರೆದದ್ದನ್ನು ಅಳಿಸಿ, ಮತ್ತೆ ಲೇಪ ಬಳಿದು, ಹೊಸದಾಗಿ ಬರೆಯಬಹುದಿತ್ತು. ಶಾನುಭೋಗರೂ ಅಂಗಡಿಯವರೂ ಇದನ್ನೇ ಬಳಸುತ್ತಿದ್ದರು. ಶೃಂಗೇರಿಯ ಕಡತಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಓದಿ ಪ್ರಕಟಿಸಿದ್ದಾರೆ. ಅವನ್ನು ನೋಡಿದವರಿಗೆ ಒಂದು ಮಠದ ಕಡತದಲ್ಲಿ ಎಷ್ಟು ದೊಡ್ಡ ಸಮಾಜ ಅಡಗಿದೆ ಎಂಬುದು ಗೊತ್ತು.

ಇಂಥ ದಾಖಲೆಗೆ ಬೀಗ ಯಾಕೆ? ಮಠದವರಿಗೆ ಮುಚ್ಚಿಡುವ ಸ್ವಭಾವ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಮೊದಲನೆಯ ಕಾರಣ ಭೂಮಿ. ಹಳೆಯ ಮೈಸೂರು ಪ್ರಾಂತದಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳು 1955ರ ಕಾಯ್ದೆಯಿಂದ ರದ್ದಾದವು. ಆಮೇಲೆ 1974ರ ಭೂಸುಧಾರಣೆ ಬಂತು. ಜಮೀನು ಹೋದರೂ ವ್ಯಾಜ್ಯಗಳು ಹೋಗಲಿಲ್ಲ. 200 ವರ್ಷ ಹಿಂದಿನ ಗೇಣಿ ಲೆಕ್ಕದ ಒಂದು ಫೋಟೊ ಯಾವ ಮೊಕದ್ದಮೆಯಲ್ಲಿ ಯಾರ ಪರವಾಗಿ ಹಾಜರಾದೀತು ಎಂಬ ಆತಂಕ ಮಠದ ವಕೀಲರಿಗೆ ಸದಾ ಇರುತ್ತದೆ. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಒಂದು ನಿಯಮವಿದೆ. 30 ವರ್ಷ ದಾಟಿದ ದಸ್ತಾವೇಜು ಸಹಜವಾಗಿ ಎಲ್ಲಿರಬೇಕೋ ಅಲ್ಲಿಂದಲೇ ಬಂದಿದ್ದರೆ, ನ್ಯಾಯಾಲಯ ಅದನ್ನು ಅಸಲಿ ಎಂದು ಭಾವಿಸಿಕೊಳ್ಳಬಹುದು. ಅಂದರೆ ದಾಖಲೆ ಯಾರ ವಶದಲ್ಲಿತ್ತು, ನಡುವೆ ಎಲ್ಲಿಗೆ ಹೋಗಿ ಬಂತು ಎಂಬುದಕ್ಕೇ ಬೆಲೆ. ‘ಒಂದು ವಾರಕ್ಕೆ ಕೊಡಿ, ಮನೆಯಲ್ಲಿ ನೋಡಿ ಕೊಡುತ್ತೇನೆ’ ಎನ್ನುವವರಿಗೆ ತಾವು ಕೇಳುತ್ತಿರುವುದು ಎಷ್ಟು ದೊಡ್ಡದು ಎಂಬ ಅರಿವು ಇರುವುದಿಲ್ಲ.

ಎರಡನೆಯ ಕಾರಣ ಮನುಷ್ಯರು. ಶಿಷ್ಯವರ್ಗದ ಮೇಲೆ ಮಠಗಳಿಗೆ ಆಚಾರದ ಅಧಿಕಾರವಿತ್ತು. ಯಾರಿಗೆ ಬಹಿಷ್ಕಾರ ಹಾಕಿದರು, ಯಾವ ಮನೆಯ ವಿಧವೆಯ ಬಗ್ಗೆ ದೂರು ಬಂತು, ಯಾರು ಪ್ರಾಯಶ್ಚಿತ್ತ ಮಾಡಿಕೊಂಡರು, ಎಷ್ಟು ಕಾಣಿಕೆ ಕಟ್ಟಿ ಪಂಕ್ತಿಗೆ ಮರಳಿದರು ಎಂಬುದೆಲ್ಲ ಊರು, ಮನೆತನದ ಹೆಸರಿನ ಸಮೇತ ಬರೆದಿರುತ್ತದೆ. ಮಲೆನಾಡಿನಲ್ಲಿ ಮನೆತನದ ಹೆಸರು ಹೇಳಿದರೆ ಇವತ್ತಿಗೂ ಮನೆ ಗುರುತು ಸಿಗುತ್ತದೆ. ದುಡಿಯುವವರನ್ನು ಅಂದಿನ ದಾಖಲೆ ಕರೆದಿರುವ ಹೆಸರುಗಳನ್ನು ಇಂದು ಅವರ ಮೊಮ್ಮಕ್ಕಳ ಎದುರು ಓದುವಂತಿಲ್ಲ. ಈ ಪುಟಗಳ ಬಗ್ಗೆ ಎಚ್ಚರ ಬೇಕಾಗಿರುವುದು ಮಠದ ಮಾನಕ್ಕಿಂತ ಹೆಚ್ಚಾಗಿ ಆ ಬಡಪಾಯಿಗಳ ಮಾನಕ್ಕಾಗಿ.

ಒಡವೆಗಳ ಪಟ್ಟಿ, ಉಪಾಸನೆಗೆ ಸಂಬಂಧಪಟ್ಟ ಬರಹ ಇವನ್ನು ಮಠ ಕೊಡುವುದಿಲ್ಲ ಎಂದರೆ ವಾದಕ್ಕೆ ನಿಲ್ಲುವ ಅಗತ್ಯವಿಲ್ಲ. ಕೊನೆಯದಾಗಿ, ಅರ್ಧ ವಾಕ್ಯದ ಭಯ. ಟಿಪ್ಪುವಿನ ಪತ್ರಗಳನ್ನೇ ನೋಡಿ. ಒಂದು ಪಕ್ಷದವರು ಒಂದು ಸಾಲು ಎತ್ತಿಕೊಂಡರೆ ಇನ್ನೊಂದು ಪಕ್ಷದವರು ಅದಕ್ಕೆ ರಾಜಕೀಯ ಲೆಕ್ಕಾಚಾರ ಎಂದು ಹೆಸರಿಡುತ್ತಾರೆ. ಇಡೀ ಪತ್ರವನ್ನು ಓದಿದವರು ಎರಡೂ ಕಡೆ ಕಡಿಮೆ.

ಕಾಯ್ದೆ ಹಿಡಿದು ಹೋದರೆ ಬಾಗಿಲು ತೆರೆಯುತ್ತದೆಯೇ? 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇರುವುದು ಸರ್ಕಾರಿ ದಾಖಲೆಗಳಿಗೆ. ಮಾಹಿತಿ ಹಕ್ಕಿನ ಅರ್ಜಿಯೂ ಖಾಸಗಿ ಮಠದ ಮೇಲೆ ಸಾಮಾನ್ಯವಾಗಿ ನಡೆಯುವುದಿಲ್ಲ. ದಾಖಲೆಗಳನ್ನು ಮಠ ಪತ್ರಾಗಾರಕ್ಕೆ ಒಪ್ಪಿಸಿದ್ದರೂ ಒಪ್ಪಿಸುವಾಗ ಹಾಕಿದ ಷರತ್ತು ಉಳಿದಿರುತ್ತದೆ: ಕಾಪಾಡುವ ಜವಾಬ್ದಾರಿ ಪತ್ರಾಗಾರದ್ದು, ಒಡೆತನ ಮಠದ್ದು. ಹಾಗಾಗಿ ಅರ್ಜಿ ಪತ್ರಾಗಾರದ ಹೆಸರಿಗೆ ಹೋದರೂ ಅದನ್ನು ಎರಡು ಕಡೆಯವರು ಓದುತ್ತಾರೆ. ಪತ್ರಾಗಾರದ ಅಧಿಕಾರಿ ‘ಇವನಿಗೆ ಕಡತ ಹಿಡಿಯಲು ಬರುತ್ತದೆಯೇ’ ಎಂದು ನೋಡುತ್ತಾರೆ. ಮಠದ ಆಡಳಿತದವರು ‘ಇವನಿಗೆ ಏನು ಬೇಕಾಗಿದೆ’ ಎಂದು ನೋಡುತ್ತಾರೆ. ಒಂದೇ ಪತ್ರ ಇಬ್ಬರಿಗೂ ಉತ್ತರ ಕೊಡಬೇಕು. ಮಠಕ್ಕೆ ಪ್ರತ್ಯೇಕ ಬಿನ್ನಹ ಬರೆಯುವ ವಾಡಿಕೆ ಇದ್ದರೆ ಅದರಲ್ಲಿ ಗೌರವದ ಒಕ್ಕಣೆ ಬೇರೆ ಇರಲಿ, ವಿಷಯ ಮಾತ್ರ ಅಕ್ಷರಶಃ ಅದೇ ಇರಲಿ. ಇಬ್ಬರಿಗೆ ಎರಡು ಮಾತು ಹೇಳಿದ್ದು ಗೊತ್ತಾದ ದಿನ ಎರಡೂ ಬಾಗಿಲು ಮುಚ್ಚುತ್ತವೆ.

ಒಂದು ಉದಾಹರಣೆ ಇಟ್ಟುಕೊಂಡು ಅರ್ಜಿಯನ್ನು ಬರೆಯುತ್ತಾ ಹೋಗೋಣ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಮಲೆನಾಡಿನ ಒಂದು ಮಠದ ಅನ್ನಸತ್ರಕ್ಕೆ ಅಕ್ಕಿ ಎಲ್ಲಿಂದ ಬಂತು, ಎಷ್ಟು ಬಂತು, ಯಾವಾಗ ನಿಂತಿತು ಎಂದು ತಿಳಿಯಬೇಕೆಂದಿರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆ ಎನ್ನಿ. ಯುದ್ಧದ ಇತಿಹಾಸವೆಂದರೆ ಸೇನೆಗಳ ಓಡಾಟ ಎಂದುಕೊಂಡವರಿಗೆ ಇದು ಸಣ್ಣ ಪ್ರಶ್ನೆ. ನನಗೆ ಇದೇ ದೊಡ್ಡದು ಎನಿಸುತ್ತದೆ, ಏಕೆಂದರೆ ಊರಿಗೆ ಹಸಿವು ಬಂದದ್ದು ಮೊದಲು ಕಾಣುವುದು ಸತ್ರದ ಲೆಕ್ಕದಲ್ಲಿ. ಅವಳ ಮೊದಲ ಕರಡು ಬಹುಶಃ ಹೀಗಿರುತ್ತದೆ: ‘ಶ್ರೀಮಠದ ಸಮಗ್ರ ಇತಿಹಾಸವನ್ನು ಅಧ್ಯಯನ ಮಾಡುವ ಉದ್ದೇಶದಿಂದ ತಮ್ಮಲ್ಲಿರುವ ಎಲ್ಲ ಕಡತಗಳನ್ನು ಪರಿಶೀಲಿಸಲು ಅವಕಾಶ ಮಾಡಿಕೊಡಬೇಕಾಗಿ ಪ್ರಾರ್ಥನೆ.’ ಇದಕ್ಕೆ ಉತ್ತರ ಬರುವುದಿಲ್ಲ. ಎಲ್ಲ ಎಂಬ ಮಾತಿನೊಳಗೆ ಬಹಿಷ್ಕಾರದ ಕಡತವೂ ಒಡವೆಯ ಪಟ್ಟಿಯೂ ಸೇರುತ್ತವೆ, ಅಧಿಕಾರಿ ಅಲ್ಲಿಗೇ ಪತ್ರವನ್ನು ಪಕ್ಕಕ್ಕೆ ಇಡುತ್ತಾರೆ.

ಅದೇ ಕೋರಿಕೆಯನ್ನು ಹೀಗೆ ಬರೆಯಬಹುದು:

‘ನನ್ನ ಪ್ರಶ್ನೆ ಇಷ್ಟೇ: 1789ರಿಂದ 1794ರ ನಡುವೆ ಅನ್ನಸತ್ರಕ್ಕೆ ಯಾವ ಗ್ರಾಮಗಳಿಂದ ಧಾನ್ಯ ಬಂತು, ಯುದ್ಧದ ವರ್ಷ ಅದರಲ್ಲಿ ಏನು ವ್ಯತ್ಯಾಸವಾಯಿತು. ಇದಕ್ಕಾಗಿ ಸತ್ರದ ಧಾನ್ಯದ ಜಮಾ-ಖರ್ಚಿನ ಕಡತಗಳನ್ನು ಮಾತ್ರ ನೋಡಲು ಕೋರುತ್ತೇನೆ. ಆಚಾರ ವಿಚಾರಣೆ, ಪ್ರಾಯಶ್ಚಿತ್ತ, ಒಡವೆ ಮತ್ತು ಪೂಜಾ ವಿಧಿಗೆ ಸಂಬಂಧಿಸಿದ ಯಾವ ದಾಖಲೆಯನ್ನೂ ಕೇಳುತ್ತಿಲ್ಲ. ಒಂದೇ ಕಡತದಲ್ಲಿ ಅವು ಬೆರೆತಿದ್ದರೆ ಆ ಮಡಿಕೆಗಳನ್ನು ತಮ್ಮ ಸಿಬ್ಬಂದಿ ಮುಚ್ಚಿಟ್ಟು ಉಳಿದದ್ದನ್ನು ತೋರಿಸಿದರೆ ಸಾಕು.’

ಏನು ಬೇಡ ಎಂದು ಬರೆಯುವುದು ಇಲ್ಲಿ ಮುಖ್ಯ. ಬೇಕಾದದ್ದರ ಪಟ್ಟಿ ಎಲ್ಲರೂ ಬರೆಯುತ್ತಾರೆ. ಬೇಡದ್ದರ ಪಟ್ಟಿ ಬರೆದವಳು ಮಠದ ಆತಂಕ ಯಾವುದೆಂದು ತಿಳಿದೇ ಬಂದಿದ್ದಾಳೆ ಎಂಬುದು ಓದುವವರಿಗೆ ಗೊತ್ತಾಗುತ್ತದೆ. ಆದರೆ ಸತ್ರದ ಲೆಕ್ಕ ಕೇಳಿದ ಮೇಲೆ ಭೂಮಿಯ ವಿಷಯದಿಂದ ತಪ್ಪಿಸಿಕೊಳ್ಳಲಾಗದು. ಅಕ್ಕಿ ಬಂದದ್ದು ಮಠದ ಗ್ರಾಮಗಳಿಂದ, ಅಳೆದದ್ದು ಒಕ್ಕಲುಗಳು. ಇದನ್ನು ಮುಚ್ಚಿಡದೆ ಅವಳೇ ಹೇಳಬೇಕು: ಗ್ರಾಮದ ಹೆಸರು ಬಳಸುತ್ತೇನೆ, ಒಕ್ಕಲಿನ ಹೆಸರು ಬಳಸುವುದಿಲ್ಲ. ಪ್ರಬಂಧದಲ್ಲಿ ಅವರು ‘ಒಕ್ಕಲು 1’, ‘ಒಕ್ಕಲು 2’ ಎಂದೇ ಇರುತ್ತಾರೆ. ಹೆಸರು ಮತ್ತು ಅಂಕಿಯ ಜೋಡಿಪಟ್ಟಿಯ ಒಂದೇ ಪ್ರತಿ ಮಾಡಿ ಪತ್ರಾಗಾರಕ್ಕೇ ಒಪ್ಪಿಸುತ್ತೇನೆ. ಯಾವ ವ್ಯಾಜ್ಯದ ಕಕ್ಷಿದಾರರಿಗೂ ಪ್ರತಿ ಕೊಡುವುದಿಲ್ಲ. ನ್ಯಾಯಾಲಯವೇ ಕೇಳಿದರೆ ಮೂಲವನ್ನು ಕಾಪಾಡುತ್ತಿರುವ ತಮ್ಮ ಕಡೆಗೆ ಬೆರಳು ತೋರಿಸುತ್ತೇನೆ.

ಕಾಲವನ್ನು ಹೇಳುವಾಗಲೂ ಎಚ್ಚರ ಬೇಕು. ಕಡತಗಳಲ್ಲಿ ಕೆಲವೊಮ್ಮೆ ಸಂವತ್ಸರದ ಹೆಸರು ಮಾತ್ರ ಇರುತ್ತದೆ, ಶಕವರ್ಷ ಇರುವುದಿಲ್ಲ. 1791ರ ಯುಗಾದಿಗೆ ಶುರುವಾದದ್ದು ವಿರೋಧಿಕೃತ್ ಸಂವತ್ಸರ, ಶಕ 1713. ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ 1731ರ ಕಡತವೂ 1851ರ ಕಡತವೂ ವಿರೋಧಿಕೃತವೇ. ಬರಿಯ ಸಂವತ್ಸರ ಬರೆದರೆ ಭಂಡಾರದಿಂದ ಬೇರೆಯೇ ಕಡತ ಹೊರಬಂದು, ಬಿಚ್ಚಿ, ಮತ್ತೆ ಮಡಚಿ ಒಳಗೆ ಹೋಗುತ್ತದೆ. ಹಾಗೆ ಸುಮ್ಮನೆ ಬಿಚ್ಚಿದ ಪ್ರತಿ ಸಲವೂ ಅದರ ಆಯುಷ್ಯ ಕಡಿಮೆಯಾಗುತ್ತದೆ. ಆದ್ದರಿಂದ ಇಸವಿ, ಶಕ, ಸಂವತ್ಸರ ಮೂರನ್ನೂ ಅರ್ಜಿಯಲ್ಲಿ ಬರೆದು, ಅನುಮಾನವಿದ್ದರೆ ಯಾವ ಸುಳಿವಿನಿಂದ ತೀರ್ಮಾನ ಮಾಡಬಹುದೆಂದು ಸೂಚಿಸಬೇಕು. ಸತ್ರದ ಅಧಿಕಾರಿಯ ಹೆಸರೋ ಗುರುಗಳ ಹೆಸರೋ ಇದ್ದರೆ ಕೆಲಸ ಸುಲಭ.

ಓದಲು ಬರುತ್ತದೆಯೇ ಎಂಬ ಪ್ರಶ್ನೆಗೆ ಪ್ರಮಾಣಪತ್ರ ಉತ್ತರವಲ್ಲ. ಕಡತದ ಕನ್ನಡ ಅಚ್ಚಿನ ಕನ್ನಡದಂತಿಲ್ಲ. ಅದು ಓಡುಬರಹ, ಪದಗಳ ನಡುವೆ ಜಾಗವಿಲ್ಲ, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಖಂಡುಗ, ಕೊಳಗ, ವರಹ, ಹಣಗಳಿಗೆ ಬೇರೆ ಬೇರೆ ಗುರುತುಗಳು. ಮರಾಠರ ಕಡೆಯಿಂದ ಬಂದ ಪತ್ರವಾದರೆ ಮೋಡಿ ಲಿಪಿ ಬೇರೆ. ಈಗಾಗಲೇ ಪ್ರಕಟವಾಗಿರುವ ಕಡತವೊಂದರ ಚಿತ್ರ ತೆಗೆದುಕೊಂಡು, ಹತ್ತು ಸಾಲನ್ನು ತಾನೇ ಓದಿ ಬರೆದು, ಓದಲಾಗದ ಕಡೆ ಚುಕ್ಕಿ ಹಾಕಿ ಅರ್ಜಿಗೆ ಲಗತ್ತಿಸಿದರೆ ಅಧಿಕಾರಿಗೆ ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ. ಚುಕ್ಕಿಗಳಿದ್ದರೆ ನಾಚಿಕೆಪಡಬೇಕಾಗಿಲ್ಲ. ಚುಕ್ಕಿಯೇ ಇಲ್ಲದ ಓದನ್ನು ಕಂಡರೆ ಅನುಭವಸ್ಥರು ಹುಬ್ಬೇರಿಸುತ್ತಾರೆ.

ಈಗ ಕಡತವನ್ನು ಕೈಯಲ್ಲಿ ಹಿಡಿಯುವ ವಿಷಯ. ‘ದಾಖಲೆಗಳನ್ನು ಜಾಗರೂಕತೆಯಿಂದ ಬಳಸುತ್ತೇನೆ’ ಎಂಬ ಒಂದು ಸಾಲಿನಿಂದ ಇದು ಮುಗಿಯುವುದಿಲ್ಲ. ಹೇಗೆ ಬಳಸುತ್ತೇನೆ ಎಂದು ಬರೆಯಬೇಕು. ಅದನ್ನು ಬರೆಯಲು ಕಡತ ಹೇಗೆ ಹಾಳಾಗುತ್ತದೆ ಎಂದು ಗೊತ್ತಿರಬೇಕು.

ಬಳಪದ ಅಕ್ಷರ ಬಟ್ಟೆಯ ಒಳಗೆ ಇಳಿದಿರುವುದಿಲ್ಲ. ಶಾಯಿಯಂತೆ ಅದು ನಾರಿಗೆ ಅಂಟುವುದಿಲ್ಲ, ಲೇಪದ ಮೇಲೆ ಪುಡಿಯಾಗಿ ಕೂತಿರುತ್ತದೆ. ಬೆರಳಿನಿಂದ ಸಾಲು ಹಿಡಿದು ಓದುವ ನಮ್ಮ ಅಭ್ಯಾಸವೇ ಇಲ್ಲಿ ಮೊದಲ ಶತ್ರು. ಬೆರಳು ಸರಿದ ಕಡೆ ಅಕ್ಷರದ ಅಂಚು ಮಸುಕಾಗಿ ಸುತ್ತ ಬೂದು ಬಣ್ಣ ಹರಡುತ್ತದೆ. ಹಾಗಾದ ಮೇಲೆ 6 ಇತ್ತೋ 9 ಇತ್ತೋ ಯಾರಿಗೂ ತಿಳಿಯುವುದಿಲ್ಲ. ಬಳೆ, ಉಂಗುರ, ಕೈಗಡಿಯಾರ, ಸೀರೆಯ ಸೆರಗು, ಉದ್ದ ತೋಳು ಎಲ್ಲವೂ ಅದನ್ನೇ ಮಾಡುತ್ತವೆ. ಕೈಗವಸು ಹಾಕಿದರೂ ಬರೆದ ಜಾಗ ಮುಟ್ಟುವಂತಿಲ್ಲ. ತೊಳೆದು ಒರೆಸಿ ಒಣಗಿದ ಕೈಯಿಂದ ಅಂಚನ್ನು, ಆಗುವುದಾದರೆ ಹಲಗೆಯನ್ನು ಮಾತ್ರ ಹಿಡಿಯಬೇಕು.

ನೀರು ಇನ್ನೂ ಅಪಾಯ. ಹುಣಿಸೆಬೀಜದ ಅಂಟು ನೀರಿನಲ್ಲಿ ಮೆತ್ತಗಾಗುವಂಥದ್ದು. ಒಂದು ಹನಿ ಬಿದ್ದರೆ ಲೇಪವೇ ಎದ್ದು, ಮಡಚಿದಾಗ ಎದುರಿನ ಮಡಿಕೆಗೆ ಅಂಟಿಕೊಳ್ಳುತ್ತದೆ. ಹುಳಕ್ಕೂ ಬೂಷ್ಟಿಗೂ ಆ ಅಂಟು ಒಳ್ಳೆಯ ಆಹಾರ. ಹೀಗಿರುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕಡತ ಬಿಚ್ಚುತ್ತೇನೆ ಎನ್ನುವವರ ಅರ್ಜಿಯನ್ನು ಅಧಿಕಾರಿ ನಿರಾಕರಿಸಿದರೆ ತಪ್ಪಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ದಿನಗಳನ್ನು ಕೇಳಬೇಕು. ಭಂಡಾರದಿಂದ ತಂದ ಕೂಡಲೇ ಬಿಚ್ಚದೆ ಓದುವ ಕೋಣೆಯ ಹವೆಗೆ ಅದು ಹೊಂದಿಕೊಳ್ಳಲು ಬಿಡಬೇಕು. ನೀರಿನ ಬಾಟಲಿ ಕೋಣೆಯ ಹೊರಗಿರಬೇಕು. ಬಿಚ್ಚಿದ ಕಡತದ ಮೇಲೆ ಬಾಗಿ ಜೋರಾಗಿ ಮಾತಾಡಿದರೂ ಎಂಜಲು ಸಿಡಿಯುತ್ತದೆ, ಅದಕ್ಕೆ ಮುಖಕ್ಕೊಂದು ಮಾಸ್ಕ್ ಇರಲಿ. ಧೂಳು ಕಂಡಿತೆಂದು ಊದಬಾರದು, ಬ್ರಷ್ ಆಡಿಸಬಾರದು, ಏಕೆಂದರೆ ಧೂಳಿನ ಜೊತೆಗೆ ಅಕ್ಷರವೂ ಹೋಗುತ್ತದೆ. ಫ್ಯಾನ್ ನಿಲ್ಲಿಸಿಯೇ ಕೂರಬೇಕು.

ಮೂರನೆಯದು ಮಡಿಕೆ. ಹದಿನೆಂಟು ಅಡಿಯ ಬಟ್ಟೆಯನ್ನು ಉದ್ದಕ್ಕೆ ಹಾಸಿ ನೋಡುವ ಆಸೆ ಯಾರಿಗಾದರೂ ಬರುತ್ತದೆ. ಹಾಸಬಾರದು. ಲೇಪ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು ಮಡಿಕೆಯ ಗೆರೆಯಲ್ಲೇ. ಒಮ್ಮೆಗೆ ಎರಡೋ ಮೂರೋ ಮಡಿಕೆ ಮಾತ್ರ ಮೇಜಿನ ಮೇಲೆ ಪೂರ್ತಿ ಆಸರೆ ಸಿಗುವಂತೆ ತೆರೆದು, ಓದಿ, ಮಡಚಿ, ಮುಂದಿನದಕ್ಕೆ ಹೋಗಬೇಕು. ಮಡಿಕೆಯ ಸಂದಿಯಲ್ಲಿ ಬಿಳಿಯ ಪುಡಿ ಕೂತಿದ್ದರೆ ಅಕ್ಷರ ಉದುರುತ್ತಿದೆ ಎಂದು ಅರ್ಥ, ಅಲ್ಲಿಗೆ ಓದು ನಿಲ್ಲಿಸಿ ಸಿಬ್ಬಂದಿಯನ್ನು ಕರೆಯಬೇಕು. ಎರಡು ಮಡಿಕೆ ಅಂಟಿಕೊಂಡಿದ್ದರೆ ಬಿಡಿಸುವ ಪ್ರಯತ್ನವನ್ನೇ ಮಾಡಕೂಡದು, ಆ ಕೆಲಸ ಸಂರಕ್ಷಣಾ ತಜ್ಞರದ್ದು. ನಮ್ಮ ವಿದ್ಯಾರ್ಥಿನಿ ತನ್ನ ಅರ್ಜಿಯಲ್ಲಿ ಹೀಗೆ ಬರೆಯುತ್ತಾಳೆ:

‘ಅಂಟಿಕೊಂಡ ಮಡಿಕೆಗಳನ್ನು ನಾನು ಬಿಡಿಸುವುದಿಲ್ಲ. ಅವುಗಳ ಸಂಖ್ಯೆಯನ್ನು ಬರೆದುಕೊಂಡು, ನನ್ನ ಪ್ರಬಂಧದಲ್ಲಿ ಆ ಭಾಗ ಓದಿಲ್ಲವೆಂದು ನಮೂದಿಸುತ್ತೇನೆ. ಮಸುಕಾದ ಅಕ್ಷರ ಎದ್ದು ಕಾಣಲೆಂದು ಬಳಪ, ಪುಡಿ, ಎಣ್ಣೆ, ನೀರು ಯಾವುದನ್ನೂ ಬಳಸುವುದಿಲ್ಲ. ಪ್ರತಿದಿನ ಕೆಲಸ ಆರಂಭಿಸುವ ಮೊದಲು ಮತ್ತು ಮುಗಿದ ಮೇಲೆ ಕಡತದ ಸ್ಥಿತಿಯನ್ನು ತಮ್ಮ ಸಿಬ್ಬಂದಿಯ ಜೊತೆ ನೋಡಿ, ಟಿಪ್ಪಣಿಗೆ ಇಬ್ಬರೂ ಸಹಿ ಮಾಡುತ್ತೇವೆ.’

ಕೊನೆಯ ವಾಕ್ಯದಿಂದ ವಿದ್ಯಾರ್ಥಿನಿಗೂ ರಕ್ಷಣೆ ಇದೆ. ಹಳೆಯ ಬಿರುಕನ್ನು ಯಾರೂ ಅವಳ ತಲೆಗೆ ಕಟ್ಟಲಾರರು.

ಫೋಟೊ ತೆಗೆಯಲು ಅನುಮತಿ ಪ್ರತ್ಯೇಕವಾಗಿ ಕೇಳಬೇಕು. ನೋಡಲು ಸಿಕ್ಕ ಅನುಮತಿಯಲ್ಲಿ ಇದೂ ಸೇರಿದೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಫ್ಲಾಶ್ ಇಲ್ಲದೆ, ಬಿಸಿಯಾಗದ ಎಲ್‌ಇಡಿ ದೀಪವನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ತೆಗೆಯಬೇಕು. ಮೊಬೈಲಿನಲ್ಲಿ ಹಾಗೇ ತೆಗೆದರೆ ಏನಾಗುತ್ತದೆ ಗೊತ್ತೇ? ಚೌಕಟ್ಟಿನ ತುಂಬಾ ಕಪ್ಪೇ ಇರುವುದರಿಂದ ಕ್ಯಾಮೆರಾ ಕತ್ತಲೆಯೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಕಪ್ಪು ಬೂದಾಗಿ, ಬಿಳಿ ಅಕ್ಷರ ಉಬ್ಬಿ ಸಣ್ಣ ಗೆರೆಗಳು ಕಾಣೆಯಾಗುತ್ತವೆ. ಬೆಳಕನ್ನು ಕೈಯಾರೆ ಒಂದು ಹಂತ ಇಳಿಸಿ ತೆಗೆದರೆ ಅಕ್ಷರ ಚೂಪಾಗಿ ನಿಲ್ಲುತ್ತದೆ. ಓರೆ ಬೆಳಕಿಗೆ ಇನ್ನೊಂದು ಉಪಯೋಗವಿದೆ. ಅಳಿಸಿ ಮತ್ತೆ ಬರೆದ ಕಡತದಲ್ಲಿ ಹಳೆಯ ಬರಹದ ನೆರಳು ಉಳಿದಿದ್ದರೆ ಆ ಬೆಳಕಿನಲ್ಲಿ ಕಾಣಬಹುದು. ಅದನ್ನು ಓದಿದವರು ಇದು ಅಳಿಸಿದ ಬರಹ ಎಂದು ಹೇಳಲೇಬೇಕು. ಅಂದಿನ ಶಾನುಭೋಗರು ತಪ್ಪೆಂದು ಅಳಿಸಿದ ಲೆಕ್ಕವನ್ನು ನಾವು ನಿಜವಾದ ಲೆಕ್ಕವೆಂದು ಮಂಡಿಸಿದರೆ ಅದು ದಾಖಲೆಗೆ ಮಾಡಿದ ಅನ್ಯಾಯ.

ಚಿತ್ರಗಳು ಎಲ್ಲಿರುತ್ತವೆ ಎಂಬುದು ಮಠಕ್ಕೆ ನಿಜವಾಗಿ ಮುಖ್ಯ. ‘ಚಿತ್ರಗಳ ಎರಡೇ ಪ್ರತಿ ಇರುತ್ತವೆ, ಒಂದು ತಮಗೆ, ಇನ್ನೊಂದು ಬೀಗದ ಗುರುತು ಹಾಕಿದ ನನ್ನ ಡಿಸ್ಕಿನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸುವುದಿಲ್ಲ, ಪ್ರಬಂಧ ಮುಗಿದ ಮೇಲೆ ನನ್ನ ಪ್ರತಿ ಅಳಿಸಿ ಲಿಖಿತವಾಗಿ ತಿಳಿಸುತ್ತೇನೆ’ ಎಂದು ಬರೆದುಕೊಟ್ಟರೆ ಸಾಕು. ಮಾರ್ಗದರ್ಶಕರಿಗೆ ತೋರಿಸುವುದಿದ್ದರೆ ಅವರ ಹೆಸರೂ ಅರ್ಜಿಯಲ್ಲಿರಬೇಕು. ಮಠಕ್ಕೆ ಹೋಗುವ ಪ್ರತಿಯ ಜೊತೆ ಓದಿ ಬರೆದ ಪಠ್ಯವನ್ನೂ ಕೊಡುವುದು ಒಳ್ಳೆಯ ಸಂಪ್ರದಾಯ. ಮಠದವರಲ್ಲೇ ಕಡತ ಓದಬಲ್ಲವರು ಕಡಿಮೆಯಾಗುತ್ತಿರುವ ಕಾಲದಲ್ಲಿ ಅದು ಅವರಿಗೂ ಲಾಭ.

ಎಲ್ಲಕ್ಕಿಂತ ಕಷ್ಟದ ಭಾಗ ಪ್ರಕಟಣೆ. ಅನುಮತಿ ಸಿಗಲೆಂದು ಎಷ್ಟೋ ಮಂದಿ ‘ಶ್ರೀಮಠದ ಒಪ್ಪಿಗೆ ಇಲ್ಲದೆ ಏನನ್ನೂ ಪ್ರಕಟಿಸುವುದಿಲ್ಲ’ ಎಂದು ಬರೆದುಬಿಡುತ್ತಾರೆ. ಹಾಗೆ ಬರೆಯಬಾರದು. ಸತ್ರದ ಅಕ್ಕಿ ಯುದ್ಧದ ವರ್ಷ ಅರ್ಧಕ್ಕಿಳಿಯಿತು ಎಂದು ಕಡತ ಹೇಳಿದರೆ, ಅಥವಾ ಆ ವರ್ಷವೂ ಒಕ್ಕಲುಗಳಿಂದ ಪೂರ್ತಿ ಗೇಣಿ ವಸೂಲಾಯಿತು ಎಂದು ಹೇಳಿದರೆ, ಅದನ್ನು ಬರೆಯಲು ಯಾರ ಒಪ್ಪಿಗೆಯೂ ಬೇಕಾಗಬಾರದು. ಅಪ್ಪಣೆಗೆ ಕಾದು ಬರೆದದ್ದು ಸಂಶೋಧನೆಯಾಗುವುದಿಲ್ಲ, ಸ್ಮರಣ ಸಂಚಿಕೆಯ ಲೇಖನವಾಗುತ್ತದೆ. ಅದರ ಬದಲು ಒಪ್ಪಿಗೆಗೆ ಒಂದು ಗಡಿ ಹಾಕಬೇಕು:

‘ಪ್ರಕಟಣೆಗೆ ಕಳಿಸುವ 30 ದಿನ ಮೊದಲು ಕರಡನ್ನು ತಮಗೆ ಒಪ್ಪಿಸುತ್ತೇನೆ. ನನ್ನ ಓದಿನಲ್ಲಿ ತಪ್ಪಿದ್ದರೆ, ಯಾವುದೇ ವ್ಯಕ್ತಿ ಅಥವಾ ಮನೆತನದ ಗುರುತು ಹೊರಬಿದ್ದಿದ್ದರೆ, ಭದ್ರತೆಗೆ ಧಕ್ಕೆಯಾಗುವ ವಿವರವಿದ್ದರೆ ತಿಳಿಸಬೇಕು, ತಿದ್ದುತ್ತೇನೆ. ನಾನು ತಲುಪಿದ ತೀರ್ಮಾನವನ್ನು ತಾವು ಒಪ್ಪದಿದ್ದರೆ ತಮ್ಮ ಅಭಿಪ್ರಾಯವನ್ನು ತಮ್ಮ ಮಾತಿನಲ್ಲೇ ಅಡಿಟಿಪ್ಪಣಿಯಾಗಿ ಅಚ್ಚು ಮಾಡುತ್ತೇನೆ, ತೀರ್ಮಾನವನ್ನು ಮಾತ್ರ ಬದಲಿಸಲಾರೆ. ಉದ್ಧರಿಸುವ ಪ್ರತಿ ನಮೂದನ್ನೂ ತುಂಡರಿಸದೆ ಪೂರ್ತಿಯಾಗಿ ಕೊಡುತ್ತೇನೆ.’

ಇದನ್ನು ಓದಿ ಮಠ ಅನುಮತಿ ನಿರಾಕರಿಸಬಹುದು. ಆ ಸಾಧ್ಯತೆ ನಿಜ. ಆದರೂ ಈ ಸಾಲುಗಳು ಅರ್ಜಿಯಲ್ಲೇ ಇರಬೇಕು. ಕಡತ ನೋಡಿ, ಎರಡು ವರ್ಷ ದುಡಿದು, ಪ್ರಬಂಧ ಬರೆದ ಮೇಲೆ ಹುಟ್ಟುವ ಜಗಳದಿಂದ ಆ ವಿದ್ಯಾರ್ಥಿನಿಯ ಜೊತೆಗೆ ಅವಳ ಹಿಂದೆ ಬರುವವರೆಲ್ಲರ ದಾರಿಯೂ ಮುಚ್ಚುತ್ತದೆ. ಮೊದಲ ದಿನವೇ ಭಿನ್ನಾಭಿಪ್ರಾಯ ಹೊರಬಿದ್ದರೆ ಮಾತಾಡಿ ಸರಿಪಡಿಸಲು ಜಾಗವಿರುತ್ತದೆ. ಒಂದು ಕಡತವನ್ನು ಪರೀಕ್ಷಾರ್ಥವಾಗಿ ತೋರಿಸಿ, ಆಮೇಲೆ ಉಳಿದದ್ದು ನೋಡೋಣ ಎಂದು ಮಠ ಹೇಳಿದರೆ ಸಂತೋಷದಿಂದ ಒಪ್ಪಬೇಕು.

ಅರ್ಜಿ ಬರೆಯುವವರಿಗೆ ಇಷ್ಟೆಲ್ಲ ಹೇಳಿದ ಮೇಲೆ ಅರ್ಜಿ ಓದುವವರಿಗೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಇಂಥ ಪತ್ರಗಳಿಗೆ ಹೆಚ್ಚಾಗಿ ‘ಇಲ್ಲ’ ಎಂಬ ಉತ್ತರವೂ ಬರುವುದಿಲ್ಲ. ಶ್ರೀಗಳು ಪ್ರವಾಸದಲ್ಲಿದ್ದಾರೆ, ಅಧಿಕಾರಿ ಬದಲಾಗಿದ್ದಾರೆ, ಮುಂದಿನ ವಾರ ಫೋನ್ ಮಾಡಿ ಎಂಬಲ್ಲಿಗೆ ಫೆಲೋಶಿಪ್‌ನ ಅವಧಿ ಮುಗಿಯುತ್ತದೆ. ಕೊಡಲಾಗದ್ದನ್ನು ಕೊಡಬೇಡಿ. ಆದರೆ ಯಾವ ಕಡತ ಕೊಡಲಾಗದು, ಯಾವ ಕಾರಣಕ್ಕೆ, ಎಷ್ಟು ವರ್ಷದವರೆಗೆ ಎಂಬ ಮೂರು ಸಂಗತಿಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿ. ನಿರ್ಬಂಧಿತ ದಾಖಲೆಗಳ ಒಳಗಿನದನ್ನು ತೋರಿಸದಿದ್ದರೂ ಅಂಥ ದಾಖಲೆಗಳಿವೆ ಎಂಬ ಪಟ್ಟಿಯನ್ನಾದರೂ, ವರ್ಷ ಮತ್ತು ವಿಷಯದ ಹೆಸರಿನೊಂದಿಗೆ, ಓದುವ ಕೋಣೆಯಲ್ಲಿ ಇಡಿ.